ಇಪ್ಪತ್ತನಾಲ್ಕೋ, ಇಪ್ಪತ್ತೈದೋ: ಉತ್ಸವದ ನಿಯಮದ ಮುಂದೆ ಕಿರುಚಿತ್ರ

ಕೆಲವು ವರ್ಷಗಳ ಹಿಂದೆ ನಮ್ಮ ಗೆಳೆಯರ ಗುಂಪಿನ ಹನ್ನೆರಡು ನಿಮಿಷದ ಕಿರುಚಿತ್ರವೊಂದು ಚಿತ್ರೋತ್ಸವದಲ್ಲಿ ತೆರೆಗೆ ಬಂತು. ಬಂತು ಎನ್ನುವುದಕ್ಕಿಂತ ತೆರೆಯ ನಡುವೆ ಮುದುಡಿ ಕೂತಿತು ಎನ್ನಬೇಕು. ಮೇಲೆ ಕಪ್ಪು, ಕೆಳಗೆ ಕಪ್ಪು, ಎಡಬಲಕ್ಕೂ ಕಪ್ಪು. ಮಧ್ಯದಲ್ಲಿ ಅಂಚೆಚೀಟಿಯ ಹಾಗೆ ನಮ್ಮ ಚಿತ್ರ. ಮೊದಲ ದೃಶ್ಯದಲ್ಲಿ ಮಾತು ತುಟಿಗೆ ಸರಿಯಾಗಿಯೇ ಕೂಡುತ್ತಿತ್ತು. ಕೊನೆಯ ದೃಶ್ಯದ ಹೊತ್ತಿಗೆ ಅಜ್ಜಿ ಬಾಯಿ ಮುಚ್ಚಿದ ಮೇಲೆ ಮಾತು ಕೇಳುತ್ತಿತ್ತು. ಪ್ರೊಜೆಕ್ಷನ್ ಕೋಣೆಗೆ ಓಡಿದಾಗ ಅಲ್ಲಿದ್ದವರು ಸಮಾಧಾನದಿಂದಲೇ ಹೇಳಿದರು: "ನೀವು ಕೊಟ್ಟಿದ್ದನ್ನೇ ಹಾಕಿದ್ದೀವಿ ಸಾರ್."

ಅವರ ಮಾತು ನಿಜವಾಗಿತ್ತು. ಉತ್ಸವ ಕಳಿಸಿದ್ದ ನಿಯಮಪತ್ರದಲ್ಲಿ ಮೂರು ಸಾಲುಗಳಿದ್ದವು: ಸೆಕೆಂಡಿಗೆ ಎಷ್ಟು ಫ್ರೇಮ್, ಚೌಕಟ್ಟಿನ ಅನುಪಾತ ಎಷ್ಟು, ಫೈಲ್ ಯಾವ ಬಗೆಯದು. ಮೂರಕ್ಕೂ ನಾವು ಉತ್ತರ ಬರೆದಿದ್ದೆವು. ಆದರೆ ಆ ಮೂರು ಪ್ರಶ್ನೆಗಳ ತೂಕ ಒಂದೇ ಅಲ್ಲ ಎಂಬುದು ನಮಗೆ ತಿಳಿದಿರಲಿಲ್ಲ. ಫ್ರೇಮ್ ರೇಟ್ ಚಿತ್ರೀಕರಣದ ದಿನವೇ ನಿಗದಿಯಾಗಿಬಿಡುತ್ತದೆ, ಆಮೇಲೆ ಬದಲಿಸಿದರೆ ಏನಾದರೂ ಬೆಲೆ ತೆರಲೇಬೇಕು. ಅನುಪಾತವನ್ನು ಸಂಕಲನದ ಮೇಜಿನವರೆಗೂ ತಿದ್ದಬಹುದು. ಫೈಲ್ ಬಗೆ ಮಾತ್ರ ಕೊನೆಯ ದಿನದವರೆಗೂ ನಮ್ಮ ಕೈಯಲ್ಲಿರುತ್ತದೆ. ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಮಾತ್ರ ಇದೇ ಕೊನೆಯದರ ಬಗ್ಗೆ. ಈ ಮೂರರ ಬಗ್ಗೆ ಕಸುಬಿನವರಲ್ಲೇ ಒಮ್ಮತವಿಲ್ಲ. ಯಾರು ಏನು ಹೇಳುತ್ತಾರೆ, ಏಕೆ ಹೇಳುತ್ತಾರೆ ಎಂಬುದನ್ನು ಇಲ್ಲಿ ಜೋಡಿಸಿ ನೋಡೋಣ.

## ಈ ಅಂಕಿಗಳು ಎಲ್ಲಿಂದ ಬಂದವು

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರು ಫ್ರೇಮ್ ಇದ್ದರೂ ನಡೆಯುತ್ತಿತ್ತು, ಇಪ್ಪತ್ತೆರಡಿದ್ದರೂ ನಡೆಯುತ್ತಿತ್ತು. ನೋಡುವ ಕಣ್ಣು ಆ ವ್ಯತ್ಯಾಸವನ್ನು ಕ್ಷಮಿಸುತ್ತದೆ, ಕಿವಿ ಕ್ಷಮಿಸುವುದಿಲ್ಲ. ವೇಗ ಒಂದಿಷ್ಟು ಏರಿದರೂ ದನಿ ಕೀರಲಾಗುತ್ತದೆ. ಆದ್ದರಿಂದ 1926ರಲ್ಲಿ ವೈಟಾಫೋನ್ ಪದ್ಧತಿಯೊಡನೆ ಧ್ವನಿ ಬಂದಾಗ ಒಂದು ಖಚಿತ ವೇಗ ಬೇಕಾಯಿತು. ಎಂಜಿನಿಯರುಗಳು ನಿಮಿಷಕ್ಕೆ 90 ಅಡಿ ಫಿಲಂ ಎಂದು ನಿಗದಿ ಮಾಡಿದರು. 35 ಮಿಲಿಮೀಟರ್ ಫಿಲಂನ ಒಂದು ಅಡಿಯಲ್ಲಿ 16 ಫ್ರೇಮ್‌ಗಳಿರುತ್ತವೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 24. 1934ರಲ್ಲಿ 'ಸತಿ ಸುಲೋಚನಾ' ಕನ್ನಡದಲ್ಲಿ ಮಾತಾಡುವ ಹೊತ್ತಿಗೆ ಈ ಅಂಕಿ ಲೋಕರೂಢಿಯಾಗಿತ್ತು.

ಟಿವಿಗೆ ಬೇರೆ ಯಜಮಾನನಿದ್ದ: ಗೋಡೆಯ ಪ್ಲಗ್ಗಿನಲ್ಲಿ ಬರುವ ವಿದ್ಯುತ್ತು. ಭಾರತ ಮತ್ತು ಯುರೋಪಿನಲ್ಲಿ ವಿದ್ಯುತ್ತಿನ ಆವರ್ತನ 50, ಹಾಗಾಗಿ ಟಿವಿ 25 ಫ್ರೇಮ್‌ಗೆ ನಿಂತಿತು. ಅಮೆರಿಕದಲ್ಲಿ ಅದು 60, ಅಲ್ಲಿ 30 ಆಯಿತು. 1953ರಲ್ಲಿ ಅಮೆರಿಕ ಬಣ್ಣದ ಪ್ರಸಾರಕ್ಕೆ ಹೊರಳಿದಾಗ ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಗುಲದಿರಲೆಂದು ವೇಗವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಸಿದರು. 30 ಹೋಗಿ 29.97 ಬಂತು. ಅದೇ ಲೆಕ್ಕದಲ್ಲಿ ಸಿನಿಮಾದ 24 ಕೂಡ ಅಲ್ಲಿನ ವಿಡಿಯೊದಲ್ಲಿ 23.976 ಆಯಿತು. ನಮ್ಮ ಊರಿನ ವಿದ್ಯುತ್ತಿಗೂ ಈ ಅಂಕಿಗೂ ಯಾವ ನಂಟೂ ಇಲ್ಲ. ಆದರೂ ಕ್ಯಾಮೆರಾಗಳು ಲೋಕದ ಮಾರುಕಟ್ಟೆಗೆ ತಯಾರಾಗುವುದರಿಂದ ಅದು ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಕ್ಯಾಮೆರಾದ ಮೆನುವಿನಲ್ಲೂ ಇದೆ. ಎಷ್ಟೋ ಕ್ಯಾಮೆರಾಗಳು `24p` ಎಂದು ತೋರಿಸಿ ಒಳಗೆ 23.976 ಬರೆದಿಡುತ್ತವೆ.

ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳು 2002ರಲ್ಲಿ ಸೇರಿ ಡಿಜಿಟಲ್ ಸಿನಿಮಾ ಇನಿಶಿಯೇಟಿವ್ಸ್ ಕಟ್ಟಿಕೊಂಡವು. 2005ರಲ್ಲಿ ಅದರ ಮೊದಲ ವಿವರಪತ್ರ ಹೊರಬಂತು. ಫಿಲಂ ರೀಲಿನ ಜಾಗಕ್ಕೆ ಡಿಸಿಪಿ ಎಂಬ ಫೈಲುಗಳ ಕಟ್ಟು ಬಂತು. ಪ್ರತಿ ಫ್ರೇಮೂ ಜೆಪೆಗ್ 2000 ಎಂಬ ಪದ್ಧತಿಯಲ್ಲಿ ಬಿಡಿ ಚಿತ್ರವಾಗಿ ಕುಗ್ಗಿರಬೇಕು, ವೇಗ 24 ಅಥವಾ 48 ಇರಬೇಕು ಎಂದು ಅದು ವಿಧಿಸಿತು. ಆರಂಭದಲ್ಲಿ ಬಂದ ಡಿಸಿಪಿ ಬಗೆಗೆ ಇಂಟರಾಪ್ ಎಂದು ಹೆಸರು. ಆಮೇಲೆ ಸ್ಮಪ್ಟೆ ಸಂಸ್ಥೆ ರೂಪಿಸಿದ ಬಗೆಯಲ್ಲಿ 25, 30 ಮುಂತಾದ ವೇಗಗಳಿಗೂ ಜಾಗ ಸಿಕ್ಕಿತು. 23.976ಕ್ಕೆ ಮಾತ್ರ ಎರಡರಲ್ಲೂ ಜಾಗವಿಲ್ಲ. ಇವತ್ತಿನ ಉತ್ಸವದ ನಿಯಮಪತ್ರದಲ್ಲಿ ಕಾಣುವ ಗೊಂದಲವೆಲ್ಲ ಈ ಮೂರು ಚರಿತ್ರೆಗಳು ಒಂದೇ ಕಾಗದದಲ್ಲಿ ಕೂತಿರುವುದರಿಂದ ಬಂದದ್ದು.

## ಫ್ರೇಮ್ ರೇಟ್: ಎರಡು ಪಂಥ, ಒಂದು ಹೊಂದಾಣಿಕೆ

ಮೊದಲ ಪಂಥದವರು 24ರವರು. ಚಿತ್ರಮಂದಿರದ ಸರ್ವರ್ ಹಳೆಯದಿರಲಿ ಹೊಸದಿರಲಿ, ದೇಶ ಯಾವುದೇ ಇರಲಿ, 24 ಎಲ್ಲೆಡೆ ಓಡುತ್ತದೆ ಎಂಬುದು ಅವರ ವಾದ. ಆಸ್ಕರ್ ನಿಯಮ ಇವರಿಗೆ ಬಲ ಕೊಡುತ್ತದೆ. ಅಲ್ಲಿ ಕಿರುಚಿತ್ರ ಶೀರ್ಷಿಕೆಪಟ್ಟಿಯೂ ಸೇರಿ 40 ನಿಮಿಷ ಮೀರುವಂತಿಲ್ಲ. ಚಿತ್ರಮಂದಿರದಲ್ಲಿ ಡಿಜಿಟಲ್ ಆಗಿ ತೋರಿಸುವುದಾದರೆ ವೇಗ 24 ಅಥವಾ 48 ಇರಬೇಕು. ದೂರದ ಮಾತೆಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಮೈಸೂರಿನ ಚಿದಾನಂದ ನಾಯ್ಕ್ ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿ ಮಾಡಿದ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆದು, ಆಸ್ಕರ್ ಸ್ಪರ್ಧೆಗೆ ಅರ್ಹವಾದ ಚಿತ್ರಗಳ ಸಾಲಿಗೂ ಸೇರಿತು. ಚಿತ್ರ ಮಾಡುವಾಗ ಅದು ಎಲ್ಲಿಯವರೆಗೆ ಹೋಗುತ್ತದೆಂದು ಯಾರೂ ಹೇಳಲಾರರು.

ಎರಡನೆಯ ಪಂಥದವರು 25ರವರು. ಅವರದು ದೀಪದ ಕೆಳಗೆ ಹುಟ್ಟಿದ ವಾದ. ನಮ್ಮ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 25ರಲ್ಲಿ ಚಿತ್ರೀಕರಿಸಿ ಶಟರನ್ನು ರೂಢಿಯ 180 ಡಿಗ್ರಿಗೆ ಇಟ್ಟರೆ ಪ್ರತಿ ಫ್ರೇಮೂ ಸೆಕೆಂಡಿನ ಐವತ್ತನೇ ಒಂದು ಪಾಲು ಬೆಳಕು ಕುಡಿಯುತ್ತದೆ. ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುವುದರಿಂದ ಗೋಡೆ ಪಟಪಟಿಸುವುದಿಲ್ಲ. 24ರಲ್ಲಿ ಅದೇ 180 ಡಿಗ್ರಿ ಇಟ್ಟರೆ ಲೆಕ್ಕ ಕೂಡುವುದಿಲ್ಲ, ಹಿನ್ನೆಲೆಯ ಬೆಳಕು ಏರಿಳಿಯುತ್ತದೆ. ಮೂಲದಲ್ಲೇ ಬಿದ್ದ ಈ ಪಟಪಟವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಒರೆಸಲಾರದು.

ಇದಕ್ಕೆ 24ರವರ ಉತ್ತರ ಸರಳ: ಶಟರನ್ನು 172.8 ಡಿಗ್ರಿಗೆ ಇಳಿಸಿ, ಇಲ್ಲವೇ ಕ್ಯಾಮೆರಾದಲ್ಲಿ ನೇರವಾಗಿ 1/50 ಆರಿಸಿ. ಆಗ 24ರಲ್ಲೂ ಪ್ರತಿ ಫ್ರೇಮಿಗೆ ಸೆಕೆಂಡಿನ ಐವತ್ತನೇ ಒಂದು ಪಾಲೇ ಸಿಗುತ್ತದೆ. ಚಲನೆಯಲ್ಲಿ ಕಾಣುವ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಲ್ಲ. ಭಾರತದಲ್ಲಿ 24ರಲ್ಲಿ ಚಿತ್ರೀಕರಿಸುವ ಛಾಯಾಗ್ರಾಹಕರು ಮಾಡುವುದು ಇದನ್ನೇ. ಹಾಗಾಗಿ ದೀಪದ ವಾದ 25ನ್ನು ಅನುಕೂಲ ಎನ್ನುತ್ತದೆಯೇ ಹೊರತು ಅನಿವಾರ್ಯ ಎನ್ನುವುದಿಲ್ಲ.

25ರಲ್ಲಿ ಮಾಡಿದ ಚಿತ್ರವನ್ನು 24 ಕೇಳುವ ಉತ್ಸವಕ್ಕೆ ಒಯ್ಯುವ ನೇರ ದಾರಿ, ಅದೇ ಫ್ರೇಮ್‌ಗಳನ್ನು ನಿಧಾನವಾಗಿ ಓಡಿಸುವುದು. ಹನ್ನೆರಡು ನಿಮಿಷದ ಚಿತ್ರದಲ್ಲಿ 18,000 ಫ್ರೇಮ್‌ಗಳಿರುತ್ತವೆ. 24ರಲ್ಲಿ ಓಡಿಸಿದರೆ ಅದು ಹನ್ನೆರಡೂವರೆ ನಿಮಿಷದ ಚಿತ್ರ. ಚಿತ್ರಕ್ಕೆ ಗಾಯವಾಗುವುದಿಲ್ಲ, ಶ್ರುತಿಗೆ ಆಗುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ, ಬಿಳಿ ಒಂದರಿಂದ ಕರಿ ಒಂದಕ್ಕೆ ಇರುವ ಅಂತರದ ಮುಕ್ಕಾಲು ಪಾಲಿನಷ್ಟು ದನಿ ಕೆಳಗಿಳಿಯುತ್ತದೆ. ಮಾತಿನಲ್ಲಿ ಎಲ್ಲರಿಗೂ ಗೊತ್ತಾಗಲಿಕ್ಕಿಲ್ಲ, ತಂಬೂರಿ ಇರುವ ದೃಶ್ಯದಲ್ಲಿ ಸಂಗೀತ ಬಲ್ಲವರಿಗೆ ಗೊತ್ತಾಗುತ್ತದೆ. ಶ್ರುತಿಯನ್ನು ಮತ್ತೆ ಮೇಲೆತ್ತುವ ಸಲಕರಣೆಗಳಿವೆ, ಅವು ದನಿಗೆ ಒಂದು ತೆಳು ಲೋಹದ ಛಾಯೆ ಬಳಿಯುವುದುಂಟು. ತಿರುಗಿಸಿ ಹೇಳಿದರೆ ಇದು ನಮಗೆ ಹಳೆಯ ಅನುಭವವೇ: 25 ಫ್ರೇಮಿನ ಟಿವಿಗಾಗಿ ಸಿನಿಮಾಗಳನ್ನು ಶೇಕಡಾ ನಾಲ್ಕರಷ್ಟು ವೇಗವಾಗಿ ಓಡಿಸುವುದು ವಾಡಿಕೆಯಾಗಿತ್ತು.

ಇವೆರಡರ ನಡುವೆ ಹೊಂದಾಣಿಕೆಯವರಿದ್ದಾರೆ: "ಯಾವುದರಲ್ಲಿ ತೆಗೆದೆಯೋ ಅದರಲ್ಲೇ ತೋರಿಸು. ಹೊಸ ಡಿಸಿಪಿ 25ನ್ನು ಒಪ್ಪುತ್ತದೆ, ಇನ್ನು ಪರಿವರ್ತನೆ ಯಾಕೆ?" ಹಲವು ಯುರೋಪಿಯನ್ ಉತ್ಸವಗಳಲ್ಲಿ ಈ ಮಾತು ನಡೆಯುತ್ತದೆ. ಆದರೆ 25ರ ಡಿಸಿಪಿಯನ್ನು ಇಂಟರಾಪ್ ಬಗೆಯಲ್ಲಿ ಕಟ್ಟಿದರೆ ಕೆಲವು ಸರ್ವರುಗಳು ಓಡಿಸುತ್ತವೆ, ಕೆಲವು ಓಡಿಸುವುದಿಲ್ಲ. ಸ್ಮಪ್ಟೆ ಬಗೆಯಲ್ಲಿ ಕಟ್ಟಿದರೆ ಮಾತ್ರ ನಿಯಮದ ಬೆಂಬಲವಿರುತ್ತದೆ.

ಮೂರೂ ಪಂಥದವರು ಒಪ್ಪುವ ಒಂದು ಮಾತಿದೆ: 30ನ್ನು ತಪ್ಪಿಸಿ. ಮೊಬೈಲುಗಳು ಹುಟ್ಟಿನಿಂದಲೇ 30ಕ್ಕೆ ಹೊಂದಿಸಿರುತ್ತವೆ. 30ರಿಂದ 24ಕ್ಕೆ ಬರಬೇಕಾದರೆ ಐದರಲ್ಲಿ ಒಂದು ಫ್ರೇಮನ್ನು ಎಸೆಯಬೇಕು. ನಿಂತ ದೃಶ್ಯದಲ್ಲಿ ಏನೂ ಕಾಣದು, ಬಸ್ಸು ಅಡ್ಡ ಹಾದರೆ ಅದು ಕುಪ್ಪಳಿಸುತ್ತ ಹೋಗುತ್ತದೆ. ಮೊಬೈಲು ಮಾಡುವ ಇನ್ನೊಂದು ಕಿತಾಪತಿ, ಬೆಳಕು ಮತ್ತು ಬಿಸಿಗೆ ತಕ್ಕಂತೆ ವೇಗವನ್ನು ತಾನೇ ಏರಿಳಿಸುವುದು. ಅಂಥ ತುಣುಕನ್ನು ನೇರವಾಗಿ ಸಂಕಲನಕ್ಕೆ ಎಳೆದುಕೊಂಡರೆ ಧ್ವನಿ ಮೆಲ್ಲನೆ ಜಾರುತ್ತದೆ. ಸ್ಥಿರ ವೇಗ ಕೊಡುವ ಆ್ಯಪ್‌ನಲ್ಲಿ 24 ಅಥವಾ 25ಕ್ಕೆ ಬೀಗ ಹಾಕಿ ಚಿತ್ರೀಕರಿಸುವುದೇ ಪರಿಹಾರ.

## ಚೌಕಟ್ಟು: ಪೆಟ್ಟಿಗೆ ಯಾವುದು, ಒಳಗಿನ ಚಿತ್ರ ಯಾವುದು

ಅನುಪಾತದ ಚರ್ಚೆಯಲ್ಲಿ ಅರ್ಧ ಜಗಳ ಒಂದು ಮಾತನ್ನು ಬಿಡಿಸದೆ ಇರುವುದರಿಂದ ಆಗುತ್ತದೆ. ಚಿತ್ರಕ್ಕೊಂದು ಅನುಪಾತ, ಅದನ್ನು ಹೊತ್ತೊಯ್ಯುವ ಪೆಟ್ಟಿಗೆಗೆ ಇನ್ನೊಂದು. ಡಿಜಿಟಲ್ ಚಿತ್ರಮಂದಿರದಲ್ಲಿ ವಾಡಿಕೆಯಲ್ಲಿರುವ ಪೆಟ್ಟಿಗೆಗಳು ಎರಡೇ. 2ಕೆ ಲೆಕ್ಕದಲ್ಲಿ ಫ್ಲ್ಯಾಟ್ ಎಂಬುದು 1998×1080 ಪಿಕ್ಸೆಲ್, ಅನುಪಾತ 1.85. ಸ್ಕೋಪ್ ಎಂಬುದು 2048×858, ಅನುಪಾತ 2.39. ಟಿವಿ, ಲ್ಯಾಪ್‌ಟಾಪ್, ಕ್ಯಾಮೆರಾಗಳ 16:9, ಅಂದರೆ 1920×1080, ಇವೆರಡರಲ್ಲಿ ಯಾವುದೂ ಅಲ್ಲ.

ಈ ಅಂಕಿಗಳಿಗೂ ಕಥೆಯಿದೆ. ಮೂಕಿ ಚಿತ್ರದ ಚೌಕಟ್ಟು 1.33 ಇತ್ತು. ಫಿಲಂ ಅಂಚಿನಲ್ಲಿ ಧ್ವನಿಗೆ ಜಾಗ ಬಿಟ್ಟ ಮೇಲೆ 1932ರಲ್ಲಿ ಅಕಾಡೆಮಿ ಅದನ್ನು 1.37ಕ್ಕೆ ನಿಲ್ಲಿಸಿತು. ಜನ ಮನೆಯಲ್ಲೇ ಟಿವಿ ನೋಡತೊಡಗಿದಾಗ 1953ರಲ್ಲಿ 'ದ ರೋಬ್' ಮೂಲಕ ಸಿನಿಮಾಸ್ಕೋಪ್ ಬಂತು. ನಮ್ಮಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್' 1959ರಲ್ಲಿ ಆ ಅಗಲಕ್ಕೆ ಕಾಲಿಟ್ಟಿತು. ಸ್ಕೋಪಿನ ಅಂಕಿ 2.55ರಿಂದ 2.35ಕ್ಕೆ, ಆಮೇಲೆ 2.39ಕ್ಕೆ ಸರಿಯಿತು. ಇಂದಿಗೂ ಎಡಿಟರುಗಳು ಬಾಯಲ್ಲಿ 2.35 ಎನ್ನುತ್ತಾರೆ, ಡಿಸಿಪಿ ಕೇಳುವುದು 2.39. 16:9 ಇವುಗಳ ನಡುವೆ ಟಿವಿಗೆಂದು ಹುಡುಕಿದ ರಾಜಿ.

ಇಲ್ಲಿ ಮೂರು ನಿಲುವುಗಳಿವೆ. ಒಂದು, ತೆರೆ ತುಂಬಿಸುವವರದು. ಚಿತ್ರೀಕರಣಕ್ಕೆ ಮುಂಚೆಯೇ ಫ್ಲ್ಯಾಟ್ ಅಥವಾ ಸ್ಕೋಪ್ ಎಂದು ನಿರ್ಧರಿಸಿ, ಮಾನಿಟರಿನ ಮೇಲೆ ಗೆರೆ ಎಳೆದುಕೊಂಡು, ಅದರೊಳಗೇ ಪಾತ್ರಗಳನ್ನು ನಿಲ್ಲಿಸಬೇಕು ಎನ್ನುತ್ತಾರೆ. ಇದು ಪ್ರೊಜೆಕ್ಷನ್ ಕೋಣೆಗೆ ಅತ್ಯಂತ ಹಿತವಾದ ದಾರಿ. ಎರಡು, 16:9ರಲ್ಲೇ ನೆಮ್ಮದಿ ಕಂಡವರದು. 1920×1080ನ್ನು ಫ್ಲ್ಯಾಟ್ ಪೆಟ್ಟಿಗೆಯಲ್ಲಿಟ್ಟರೆ ಎಡಬಲಕ್ಕೆ 39 ಪಿಕ್ಸೆಲ್ ಮಾತ್ರ ಕಪ್ಪು ಉಳಿಯುತ್ತದೆ. ಕತ್ತಲ ಮಂದಿರದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ, ಒಂದು ಪಿಕ್ಸೆಲನ್ನೂ ಕತ್ತರಿಸಬೇಕಿಲ್ಲ, ಹಿಗ್ಗಿಸಬೇಕಿಲ್ಲ. ಕಡಿಮೆ ದುಡ್ಡಿನ ಕಿರುಚಿತ್ರಕ್ಕೆ ಇದಕ್ಕಿಂತ ಅಪಾಯವಿಲ್ಲದ ದಾರಿ ನನಗೆ ಕಂಡಿಲ್ಲ.

ಮೂರನೆಯವರು ಚಿತ್ರದ ಆಕಾರವನ್ನು ಕಥೆಯೇ ನಿರ್ಧರಿಸಬೇಕು ಎನ್ನುವವರು. ಝೇವಿಯರ್ ಡೋಲನ್ 2014ರ 'ಮಮ್ಮಿ'ಯನ್ನು ಬಹುಪಾಲು ಚಚ್ಚೌಕದಲ್ಲಿ ಮಾಡಿದ್ದು ಇವರಿಗೆ ದೊಡ್ಡ ಸಾಕ್ಷಿ. ಚಚ್ಚೌಕದ ಚಿತ್ರ ಫ್ಲ್ಯಾಟ್ ಪೆಟ್ಟಿಗೆಯ ನಡುವೆ 1080×1080 ಆಗಿ ಕೂರುತ್ತದೆ, ಎಡಬಲಕ್ಕೆ 459 ಪಿಕ್ಸೆಲ್ ಕಪ್ಪು. ನಿಯಮಕ್ಕೆ ಅದು ಪೂರ್ತಿ ಒಪ್ಪಿಗೆ. ಆಕಾರ ಯಾವುದಾದರೂ ಇರಲಿ, ಪೆಟ್ಟಿಗೆ ಎರಡರಲ್ಲಿ ಒಂದಾಗಿದ್ದರೆ ಸಾಕು. ಮೊಬೈಲಿನ ನೆಟ್ಟಗಿನ ಚೌಕಟ್ಟನ್ನೂ ಹೀಗೆ ಕೂರಿಸಬಹುದು, ಆದರೆ ಅದು ತೆರೆಯ ಅಗಲದಲ್ಲಿ ಮೂರನೇ ಒಂದು ಪಾಲನ್ನೂ ತುಂಬುವುದಿಲ್ಲ.

ಎಲ್ಲರೂ ಬೀಳುವ ಹಳ್ಳ ಒಂದೇ: ಕಪ್ಪು ಪಟ್ಟಿಯನ್ನು ಚಿತ್ರದ ಭಾಗವಾಗಿಯೇ ಅಚ್ಚೊತ್ತುವುದು. 'ಸಿನಿಮಾ ಲುಕ್' ಬರಲೆಂದು 16:9ರ ಮೇಲೆ ಕೆಳಗೆ ಪಟ್ಟಿ ಹಾಕಿ ರಫ್ತು ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಡಿಸಿಪಿ ಕಟ್ಟುವವರ ಕಣ್ಣಿಗೆ ಮಾತ್ರ ಅದು ಸ್ಕೋಪ್ ಚಿತ್ರವಲ್ಲ. ಕಪ್ಪು ಅಂಚುಳ್ಳ 16:9 ಚಿತ್ರ.

## ಫೈಲ್: ಯಾರು ಕಟ್ಟಬೇಕು ಬುತ್ತಿ

ಉತ್ಸವ ನಮ್ಮಿಂದ ಎರಡು ಸಲ ಫೈಲ್ ಕೇಳುತ್ತದೆ. ಮೊದಲನೆಯದು ಆಯ್ಕೆ ಸಮಿತಿ ನೋಡುವ ಪ್ರತಿ. ಅದು ಎಚ್.264 ಪದ್ಧತಿಯ ಎಂಪಿ4 ಆಗಿದ್ದರೆ ಸಾಕು. ಹನ್ನೆರಡು ನಿಮಿಷಕ್ಕೆ ಸೆಕೆಂಡಿಗೆ 20 ಮೆಗಾಬಿಟ್ ಇಟ್ಟರೂ 1.8 ಗಿಗಾಬೈಟ್‌ನಲ್ಲಿ ಮುಗಿಯುತ್ತದೆ. 23.976 ಇದ್ದರೂ ಇಲ್ಲಿ ಯಾರೂ ಕೇಳುವುದಿಲ್ಲ. ನಿಯಮಗಳು ಬಿಗಿಯಾಗುವುದು ಆಯ್ಕೆಯಾದ ಮೇಲೆ, ಪ್ರದರ್ಶನದ ಪ್ರತಿ ಕೇಳಿದಾಗ. ಆಗ ಸಿಗುವ ಸಮಯವೂ ಕಡಿಮೆ.

ಪ್ರದರ್ಶನದ ಪ್ರತಿಯ ಬಗ್ಗೆ ಒಂದು ಪಂಥ ಹೇಳುತ್ತದೆ: ಡಿಸಿಪಿಯನ್ನು ನೀವೇ ಕಟ್ಟಿ. ಡಿಸಿಪಿ-ಒ-ಮ್ಯಾಟಿಕ್ ಎಂಬ ಮುಕ್ತ ತಂತ್ರಾಂಶ ಬಂದ ಮೇಲೆ ಇದಕ್ಕೆ ಲ್ಯಾಬಿನ ಬಿಲ್ಲು ಬೇಕಿಲ್ಲ. ಅದು 23.976ರ ಫೈಲನ್ನು 24ಕ್ಕೆ ತರುವಾಗ ಧ್ವನಿಯನ್ನೂ ಜೊತೆಗೇ ಸರಿಹೊಂದಿಸುತ್ತದೆ, ಹಾಗೆ ಮಾಡುತ್ತಿರುವುದನ್ನು ಪರದೆಯ ಮೇಲೆ ಹೇಳುತ್ತದೆ ಕೂಡ. ಚಿತ್ರ ಹೇಗೆ ಕಾಣಬೇಕೆಂಬುದು ಕೊನೆಯವರೆಗೂ ನಿಮ್ಮ ಕೈಯಲ್ಲಿರುತ್ತದೆ ಎಂಬುದು ಇವರ ಸಮರ್ಥನೆ.

ಇನ್ನೊಂದು ಪಂಥ ಹೇಳುತ್ತದೆ: ಪ್ರೋರೆಸ್ 422 ಎಚ್‌ಕ್ಯೂ ಫೈಲ್ ಕೊಟ್ಟು ಡಿಸಿಪಿಯನ್ನು ಉತ್ಸವಕ್ಕೆ ಅಥವಾ ಲ್ಯಾಬಿಗೆ ಬಿಡಿ. ಪೂರ್ಣ ಎಚ್‌ಡಿ ಅಳತೆಯಲ್ಲಿ, 24ರಲ್ಲಿ, ಅದು ಸೆಕೆಂಡಿಗೆ ಸುಮಾರು 176 ಮೆಗಾಬಿಟ್ ತಿನ್ನುತ್ತದೆ; ಹನ್ನೆರಡು ನಿಮಿಷಕ್ಕೆ ಹತ್ತಿರ ಹತ್ತಿರ 16 ಗಿಗಾಬೈಟ್. ಡಿಸಿಪಿಯ ಬಣ್ಣದ ಲೆಕ್ಕವೇ ಬೇರೆ. ಟಿವಿಯ ಬಣ್ಣವನ್ನು ಅದು ಇನ್ನೊಂದು ಪದ್ಧತಿಗೆ ಬಗ್ಗಿಸುತ್ತದೆ. ಮನೆಯಲ್ಲಿ ಕಟ್ಟಿದ ಡಿಸಿಪಿಯನ್ನು ದೊಡ್ಡ ತೆರೆಯ ಮೇಲೆ ನೋಡದೆ ಕಳಿಸಿದರೆ ಕಪ್ಪು ಬೂದಿಯಾಗಬಹುದು ಅಥವಾ ನೆರಳೆಲ್ಲ ಮಸಿಯಲ್ಲಿ ಮುಳುಗಬಹುದು. ಹೀಗಾಗುವುದು ಬಹುತೇಕ ಒಂದೇ ತಪ್ಪಿನಿಂದ: ವಿಡಿಯೊದಲ್ಲಿ ಕಪ್ಪನ್ನು 16ರಿಂದ ಎಣಿಸುವ ಪದ್ಧತಿಯೊಂದು, ಸೊನ್ನೆಯಿಂದ ಎಣಿಸುವ ಪದ್ಧತಿಯೊಂದು. ಫೈಲ್ ಒಂದರಲ್ಲಿದ್ದು ತಂತ್ರಾಂಶ ಇನ್ನೊಂದೆಂದು ಓದಿದರೆ ಬಣ್ಣ ಕೆಡುತ್ತದೆ. ಲ್ಯಾಬಿನವರು ಇದನ್ನು ದಿನವೂ ನೋಡುತ್ತಾರೆ, ನಾವು ವರ್ಷಕ್ಕೊಮ್ಮೆ.

ನನ್ನ ಮಟ್ಟಿಗೆ ಇವೆರಡೂ ಎದುರಾಳಿಗಳಲ್ಲ. ಪ್ರೋರೆಸ್ ನಮ್ಮ ಮೂಲಪ್ರತಿ, ಡಿಸಿಪಿ ಅದರಿಂದ ಕಟ್ಟುವ ಬುತ್ತಿ. ಮೂಲ ಸರಿಯಿದ್ದರೆ ಬುತ್ತಿಯನ್ನು ಹತ್ತು ಸಲ ಕಟ್ಟಬಹುದು. ಎಂಪಿ4ನಿಂದ ಡಿಸಿಪಿ ಕಟ್ಟುವುದು ಮಾತ್ರ ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ.

## ಒಂದು ಚಿತ್ರದ ಶವಪರೀಕ್ಷೆ

ಈಗ ಅಂಚೆಚೀಟಿಯಾದ ನಮ್ಮ ಚಿತ್ರಕ್ಕೆ ಮರಳೋಣ. ಉತ್ಸವ ಕೇಳಿದ್ದು 24 ಫ್ರೇಮಿನ, ಸ್ಕೋಪ್ ಅಥವಾ ಫ್ಲ್ಯಾಟ್ ಡಿಸಿಪಿ. ನಮ್ಮಲ್ಲಿದ್ದದ್ದು 1920×1080ರ ಫೈಲ್. ಮೇಲೂ ಕೆಳಗೂ 138 ಸಾಲುಗಳ ಕಪ್ಪು ಪಟ್ಟಿ ಅಚ್ಚಾಗಿತ್ತು, ನಡುವಿನ ನಿಜವಾದ ಚಿತ್ರ 1920×804. ಇಂಗ್ಲಿಷ್ ಸಬ್‌ಟೈಟಲುಗಳು ಕೆಳಗಿನ ಪಟ್ಟಿಯಲ್ಲಿ ಕೂತಿದ್ದವು.

ನಾವು ಅರ್ಜಿಯಲ್ಲಿ ಹೆಮ್ಮೆಯಿಂದ 'ಸ್ಕೋಪ್' ಎಂದು ಬರೆದೆವು. ಡಿಸಿಪಿ ಕಟ್ಟಿದ ಗೆಳೆಯ ಪೂರ್ತಿ 16:9 ಫೈಲನ್ನು ಸ್ಕೋಪ್ ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆಯ ಎತ್ತರ 858 ಇರುವುದರಿಂದ 16:9 ಚಿತ್ರ 1525×858ಕ್ಕೆ ಕುಗ್ಗಿತು, ಎಡಬಲಕ್ಕೆ ಕಪ್ಪು ಬಂತು. ಪಟ್ಟಿಗಳೂ ಜೊತೆಗೆ ಕುಗ್ಗಿ, ನಿಜವಾದ ಚಿತ್ರ 1525×639ರಷ್ಟಾಯಿತು. ತೆರೆಯ ವಿಸ್ತೀರ್ಣದಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು. ಸರಿಯಾದ ದಾರಿ ಇದು: ಪಟ್ಟಿಗಳನ್ನು ಕತ್ತರಿಸಿ 1920×804 ಮಾಡಿ, ಅದನ್ನು 2048×858ಕ್ಕೆ ಹಿಗ್ಗಿಸುವುದು. ಹಿಗ್ಗುವುದು ನೂರಕ್ಕೆ ಏಳರಷ್ಟೂ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಆದರೆ ಪಟ್ಟಿ ಕತ್ತರಿಸಿದರೆ ಸಬ್‌ಟೈಟಲ್ ಕೂಡ ಹೋಗುತ್ತದೆ! ಅದನ್ನು ಮೊದಲೇ ಚಿತ್ರದೊಳಗೆ ಇಟ್ಟಿರಬೇಕಿತ್ತು, ಇಲ್ಲವೇ ಪ್ರತ್ಯೇಕ ಫೈಲಾಗಿ ಉಳಿಸಿಕೊಂಡಿರಬೇಕಿತ್ತು.

ಧ್ವನಿಯ ಕಥೆ ಇನ್ನೂ ಸೂಕ್ಷ್ಮ. ಕ್ಯಾಮೆರಾ `24p` ಎಂದು ತೋರಿಸಿ ಬರೆದದ್ದು 23.976. ಹನ್ನೆರಡು ನಿಮಿಷಕ್ಕೆ 17,263 ಫ್ರೇಮ್. 24ರಲ್ಲಿ ಓಡಿಸಿದರೆ ಅವು 719.29 ಸೆಕೆಂಡಿನಲ್ಲಿ ಮುಗಿಯುತ್ತವೆ. ಚಿತ್ರವನ್ನು 24ಕ್ಕೆ ತಂದು, ಸೌಂಡ್ ಸ್ಟುಡಿಯೊದಿಂದ ಬಂದ 720 ಸೆಕೆಂಡಿನ ಧ್ವನಿ ಫೈಲನ್ನು ಹಾಗೇ ಪಕ್ಕದಲ್ಲಿಟ್ಟೆವು. ಮೊದಲ ನಿಮಿಷದಲ್ಲಿ ವ್ಯತ್ಯಾಸ ಒಂದೂವರೆ ಫ್ರೇಮ್, ಯಾರಿಗೂ ತಿಳಿಯದು. ಕೊನೆಯಲ್ಲಿ 0.71 ಸೆಕೆಂಡ್, ಅಂದರೆ ಹದಿನೇಳು ಫ್ರೇಮ್. ನಾವು ಪರೀಕ್ಷಿಸಿದ್ದು ಮೊದಲ ಎರಡು ನಿಮಿಷವನ್ನು ಮಾತ್ರ. ತುಟಿಗೆ ಮಾತು ಆರಂಭದಿಂದಲೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಅದು ಜೋಡಣೆಯ ದೋಷ. ಹೋಗುತ್ತ ಹೋಗುತ್ತ ಹೆಚ್ಚಿದರೆ ಅದು ವೇಗದ ದೋಷ. ಚಿತ್ರದ ತಲೆಗೂ ಬಾಲಕ್ಕೂ ಒಂದೊಂದು ಫ್ರೇಮಿನ ಬೀಪ್ ಇಟ್ಟು, ಎರಡೂ ಕಡೆ ಚಿತ್ರದ ಗುರುತಿಗೆ ಅದು ಕೂಡುತ್ತದೆಯೇ ಎಂದು ನೋಡಿದ್ದರೆ ಐದು ನಿಮಿಷದಲ್ಲಿ ಪತ್ತೆಯಾಗುತ್ತಿತ್ತು.

ಫೈಲ್ ಒಳಗೆ ನಿಜವಾಗಿ ಏನಿದೆಯೆಂದು ಕೇಳಲು ಈಗ ನಾನು ಬಳಸುವುದು ಈ ಒಂದೇ ಆಜ್ಞೆ:

```
ffprobe -v error -select_streams v:0 -show_entries stream=codec_name,width,height,r_frame_rate,avg_frame_rate -of default=nw=1 chitra.mov
```

ಉತ್ತರದಲ್ಲಿ `24/1` ಬಂದರೆ ಅದು ನಿಜವಾದ 24. `24000/1001` ಬಂದರೆ 23.976, ಮೆನು ಏನೇ ಹೇಳಿರಲಿ. `r_frame_rate` ಮತ್ತು `avg_frame_rate` ಬೇರೆ ಬೇರೆ ಬಂದರೆ ವೇಗ ಏರಿಳಿಯುತ್ತಿದೆ ಎಂದು ಅನುಮಾನಿಸಬೇಕು. ಡಿಸಿಪಿಯ ಹೆಸರೂ ಒಂದು ಸಾಕ್ಷಿಯೇ. ಹೆಸರಿನಲ್ಲಿ `SHR` ಎಂದರೆ ಕಿರುಚಿತ್ರ, `F` ಎಂದರೆ ಫ್ಲ್ಯಾಟ್, `S` ಎಂದರೆ ಸ್ಕೋಪ್, `KN-EN` ಎಂದರೆ ಮಾತು ಕನ್ನಡ, ಸಬ್‌ಟೈಟಲ್ ಇಂಗ್ಲಿಷ್. ಪ್ರೊಜೆಕ್ಷನ್ ಕೋಣೆಯವರು ಚಿತ್ರ ನೋಡಿ ಪರದೆಯ ಅಂಚನ್ನು ಹೊಂದಿಸುವುದಿಲ್ಲ, ಈ ಹೆಸರು ನೋಡಿ ಹೊಂದಿಸುತ್ತಾರೆ. ನಮ್ಮ ಹೆಸರಿನಲ್ಲಿ `S` ಇತ್ತು. ಅವರು ಸ್ಕೋಪಿಗೆ ತೆರೆದರು.

## ಇನ್ನೂ ಇತ್ಯರ್ಥವಾಗದ್ದು

25ರ ಭವಿಷ್ಯ ಮೊದಲ ಪ್ರಶ್ನೆ. ಸ್ಮಪ್ಟೆ ಬಗೆಯ ಡಿಸಿಪಿ ಎಲ್ಲ ಕಡೆ ನೆಲೆಯೂರಿದರೆ 24ರ ಪಟ್ಟು ಸಡಿಲವಾಗಬೇಕು. ಆದರೆ ಹಳೆಯ ಸರ್ವರುಗಳ ಭಯದಿಂದ ಉತ್ಸವಗಳು ಇಂಟರಾಪ್ ಕೇಳುವುದನ್ನು ಪೂರ್ತಿ ಬಿಟ್ಟಿಲ್ಲ, ಆಸ್ಕರ್ ನಿಯಮವೂ ಜಾಗ ಬಿಟ್ಟುಕೊಟ್ಟಿಲ್ಲ. 50 ಆವರ್ತನದ ದೇಶದಲ್ಲಿ ಕೂತು 60 ಆವರ್ತನದ ದೇಶದ ಬಾಗಿಲು ತಟ್ಟುವವರು ಎಷ್ಟು ಕಾಲ ಶಟರ್ ತಿರುಗಿಸುತ್ತಿರಬೇಕೆಂದು ಹೇಳುವವರಿಲ್ಲ.

ಸ್ಕೋಪಿನ ಹಿರಿಮೆಯೂ ಈಗ ಚರ್ಚೆಯಲ್ಲಿದೆ. ಹಳೆಯ ಚಿತ್ರಮಂದಿರದಲ್ಲಿ ಸ್ಕೋಪ್ ಚಿತ್ರ ಬಂದಾಗ ಪಕ್ಕದ ಪರದೆಗಳು ಸರಿದು ತೆರೆ ಅಗಲವಾಗುತ್ತಿತ್ತು. ಹಲವು ಮಲ್ಟಿಪ್ಲೆಕ್ಸ್‌ಗಳ ತೆರೆ ಅಗಲದಲ್ಲಿ ಬದಲಾಗುವುದಿಲ್ಲ. ಅಲ್ಲಿ ಸ್ಕೋಪ್ ಎಂದರೆ ಮೇಲೆ ಕೆಳಗೆ ಕಪ್ಪು, ಅಂದರೆ ಫ್ಲ್ಯಾಟ್‌ಗಿಂತ ಚಿಕ್ಕ ಚಿತ್ರ. ದೊಡ್ಡದಾಗಿ ಕಾಣಲೆಂದು ಆರಿಸಿದ ಆಕಾರ ಚಿಕ್ಕದಾಗಿ ಕಾಣುವಲ್ಲಿ ನಿರ್ದೇಶಕ ಯಾವ ತೆರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು? ಉತ್ಸವಗಳು ಕೇಳುವ ಅಂಕಿಗಳಲ್ಲಿ ಈ ಮಾಹಿತಿ ಇರುವುದಿಲ್ಲ.

ಕೊನೆಯದು ಹೊಣೆಯ ಪ್ರಶ್ನೆ. ನಿಯಮಪತ್ರ ಫೈಲಿನ ಬಗ್ಗೆ ಎಲ್ಲವನ್ನೂ ಕೇಳುತ್ತದೆ, ಅದನ್ನು ತೆರೆಯ ಮೇಲೆ ಮೊದಲು ಯಾರು ನೋಡಬೇಕು ಎಂಬುದನ್ನು ಕೇಳುವುದಿಲ್ಲ. ದೊಡ್ಡ ಚಿತ್ರಗಳಿಗೆ ಪರೀಕ್ಷಾ ಪ್ರದರ್ಶನವಿರುತ್ತದೆ. ಒಂದು ಕಂತಿನಲ್ಲಿ ಎಂಟು ಹತ್ತು ಕಿರುಚಿತ್ರ ಓಡಿಸುವ ಕಡೆ ಪ್ರತಿಯೊಂದಕ್ಕೂ ಹತ್ತು ನಿಮಿಷ ತೆರೆ ಬಿಟ್ಟುಕೊಡಲು ಬಿಡುವಿರುವುದಿಲ್ಲ. ಹಾಗಾಗಿ ನಮ್ಮಂಥವರ ಡಿಸಿಪಿಯನ್ನು ದೊಡ್ಡ ತೆರೆಯ ಮೇಲೆ ಮೊದಲ ಸಲ ನೋಡುವವರು ಪ್ರೇಕ್ಷಕರೇ ಆಗುತ್ತಾರೆ. ಆ ದಿನ ಸಭಾಂಗಣದಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಚಿತ್ರ ಮುಗಿದ ಮೇಲೆ ಕೇಳಿದ್ದರು: "ಇಷ್ಟು ಚಿಕ್ಕದಾಗಿ ತೋರ್ಸಿದ್ದು ಬೇಕಂತಲೇನಪ್ಪ?" ಹೌದೆನ್ನುವ ಧೈರ್ಯವೂ ಅಲ್ಲವೆನ್ನುವ ಧೈರ್ಯವೂ ನನಗೆ ಬರಲಿಲ್ಲ.